ಅಮಾವಾಸ್ಯೆಗೆ ಇಟ್ಟ ರಕ್ತದಾನ ಶಿಬಿರ

ರಕ್ತದಾನ ಶಿಬಿರದ ಪ್ರಕಟಣೆ ಬರೆದುಕೊಡು ಎಂದು ನಮ್ಮ ಬೀದಿಯ ನಿವಾಸಿಗಳ ಸಂಘದವರು ನನ್ನನ್ನು ಕೇಳಿದ್ದು ನಾನು ಹೆಚ್ಚು ಓದಿದವಳು ಅಂತಲ್ಲ, ಬಾಯಿ ಇದ್ದವಳು ಅಂತ. ಅದು ಸುಳ್ಳೂ ಅಲ್ಲ. ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಮಿಲ್ಲಿನ ಹಿಂದಿನ ವಠಾರದಲ್ಲಿ ಅಜ್ಜಿಯರು ಸಾಲಾಗಿ ಕೂತು ಶೇಂಗಾ ಸುಲಿಯುತ್ತಿದ್ದರು. ಸುಲಿಯುವುದಕ್ಕೆ ಕೈ ಸಾಕು, ಬಾಯಿಗೆ ಬಿಡುವು. ಆ ಬಿಡುವಿನಲ್ಲಿ ಅವರು ಇಡೀ ಊರನ್ನೇ ಬಿಡಿಸಿ ಕಾಳು ಬೇರೆ ಸಿಪ್ಪೆ ಬೇರೆ ಮಾಡುತ್ತಿದ್ದರು. ಅವರ ನಡುವೆ ಕೂತು, ಸುಲಿದ ಕಾಳು ಕದ್ದು ತಿನ್ನುತ್ತ ನಾನು ಮಾತು ಕಲಿತೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದೆ. ಇಲ್ಲಿ ಮನೆಯೊಳಗೆ ತೆಲುಗು, ಬಾಗಿಲ ಹೊರಗೆ ಕನ್ನಡ, ಮಗ್ಗದ ಗುಂಡಿಯಲ್ಲಿ ಎರಡೂ. ಅತ್ತೆಯ ತೆಲುಗನ್ನೂ ಬಾಯಿಗೆ ಹಾಕಿಕೊಂಡೆ. ಹೀಗೆ ಎರಡು ನಾಲಿಗೆಯವಳು ಅಂತ ಬೀದಿಯಲ್ಲಿ ಹೆಸರಾಯಿತು. ಹೊಗಳಿ ಹೇಳುವವರೂ ಇದ್ದಾರೆ, ಬೇರೆ ಥರ ಹೇಳುವವರೂ ಇದ್ದಾರೆ.

ಶಿಬಿರದ ಮಾತು ಮೊದಲು ಎತ್ತಿದ್ದು ಸಂಘ ಅಲ್ಲ, ನಮ್ಮ ಪಕ್ಕದ ಮನೆಯ ಹೆಣ್ಣುಮಗಳು. ಗಂಡ ಸೀರೆ ನೇಯುತ್ತಾನೆ, ಇವಳು ಅವನ ಲಾಳಿಗೆ ನೂಲು ಸುತ್ತಿಕೊಡುತ್ತಾಳೆ. ಅವರಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಆ ಮಗುವಿಗೆ ಹುಟ್ಟಿದಾಗಿನಿಂದ ಥಲಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಕೂಡುವುದಿಲ್ಲ, ಹೊರಗಿನಿಂದ ಕೊಡಿಸುತ್ತಿರಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ತಾಯಿ ಮಗಳು ಬೆಳಗಿನ ಬಸ್ಸು ಹತ್ತಿ, ತಳಕು ದಾಟಿ, ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಚಿತ್ರದುರ್ಗದ ಆಸ್ಪತ್ರೆಗೆ ಹೋಗುತ್ತಾರೆ. ಹೋಗುವ ವಾರ ಬಂತೆಂದರೆ ಮಗುವಿನ ಮುಖ ಸುಣ್ಣ ಹೊಡೆದಂತಾಗುತ್ತದೆ. ಮೆಟ್ಟಿಲು ಹತ್ತುವುದಿಲ್ಲ, ಶಾಲೆಯ ಚೀಲ ಹೊರುವುದಿಲ್ಲ, ನನ್ನ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತು ಬೇರೆ ಮಕ್ಕಳ ಆಟಕ್ಕೆ ತಪ್ಪು ಹುಡುಕುತ್ತಾಳೆ.

ಆ ಬೇಸಿಗೆಯಲ್ಲಿ ಅವರು ಹೋದಾಗ ಅವಳ ಗುಂಪಿನ ರಕ್ತ ಆ ಹೊತ್ತಿಗೆ ಇರಲಿಲ್ಲ. ರಕ್ತ ಕೊಡುವವರಲ್ಲಿ ಕಾಲೇಜು ಹುಡುಗರೇ ಜಾಸ್ತಿ. ಕಾಲೇಜಿಗೆ ರಜೆ ಬಿಟ್ಟರೆ ಶಿಬಿರಗಳು ನಿಲ್ಲುತ್ತವೆ, ರಕ್ತನಿಧಿಯ ಫ್ರಿಜ್ಜು ಖಾಲಿಯಾಗುತ್ತದೆ. ತಾಯಿ ಮಗಳು ಆ ರಾತ್ರಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ದಿನ ಬೇರೆ ಕಡೆಯಿಂದ ರಕ್ತ ಬಂದ ಮೇಲೆ ಹಾಕಿಸಿಕೊಂಡು ಬಂದರು. ಊರಿಗೆ ಬಂದವಳೇ ತಾಯಿ ನೇರ ನಮ್ಮ ಮನೆಗೆ ಬಂದಳು.

"ಅಕ್ಕ, ಅಲ್ಲಿಯೋರು ಹೇಳಿದ್ರು. ನಿಮ್ಮೂರಲ್ಲಿ ಜನ ಕೂಡ್ಸಿದ್ರೆ ನಾವೇ ವ್ಯಾನು ತಗೊಂಡು ಬರ್ತೀವಿ ಅಂತ. ಸಂಘದಲ್ಲಿ ನೀನು ಹೇಳು."

"ನಿನ್ನ ಮಗಳಿಗೆ ಅಂತ ಹೇಳ್ಲಾ?"

"ಬ್ಯಾಡ. ಅವಳ ಹೆಸರು ಮೈಕಲ್ಲಿ ಬರೋದು ಬ್ಯಾಡ. ನಾಳೆ ದೊಡ್ಡೋಳಾಗ್ತಾಳೆ." ಮತ್ತೆ ತಾನೇ ಹೇಳಿದಳು: "ಇಲ್ಲಿ ಕೊಟ್ಟಿದ್ದು ಇವಳಿಗೇ ಹಾಕ್ತಾರೆ ಅಂತಾನೂ ಇಲ್ವಂತೆ. ಎಲ್ಲಾ ಪರೀಕ್ಷೆ ಮಾಡಿ, ಭಾಗ ಮಾಡಿ ಇಟ್ಕೊಂತಾರಂತೆ, ಬೇಕಾದೋರಿಗೆ ಹೋಗ್ತೈತೆ. ಹೋಗ್ಲಿ. ಫ್ರಿಜ್ಜಲ್ಲಿ ಇದ್ರೆ ತಾನೆ ಇವಳಿಗೂ ಸಿಗೋದು?"

ಅವಳ ಲೆಕ್ಕ ಸರಿಯಾಗಿತ್ತು. ಮುಂದಿನ ಸಲ ಹೋಗುವುದರೊಳಗೆ ಆ ಫ್ರಿಜ್ಜಿಗೆ ನಮ್ಮೂರಿನಿಂದ ಒಂದಷ್ಟು ಚೀಲ ಹೋಗಿರಬೇಕು.

ಸಂಘದ ಸಭೆ ನಡೆಯುವುದು ಸಮುದಾಯ ಭವನದಲ್ಲಿ. ಅಧ್ಯಕ್ಷರು ವಯಸ್ಸಾದ ನೇಕಾರರು, ಬೀದಿಯ ಹೆಣ್ಣುಮಕ್ಕಳಿಗೆಲ್ಲ ಅವರು ಮಾವ. ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದರೂ ಮಾತಾಡುವಾಗ ಬಲಗೈ ಲಾಳಿ ಎಸೆದಂತೆ ಆಡುತ್ತಲೇ ಇರುತ್ತದೆ. ವಿಷಯ ಕೇಳಿದ ಕೂಡಲೇ ಒಪ್ಪಿದರು.

"ಕೊಡೋಣ. ಆದ್ರೆ ದಿನ ಯಾವ್ದು? ನಮ್ಮ ಗಂಡಸ್ರನ್ನ ಹಗಲೊತ್ತಲ್ಲಿ ಗುಂಡಿಯಿಂದ ಮೇಲಕ್ಕೆ ಎಬ್ಬಿಸೋಕೆ ಬ್ರಹ್ಮನ ಕೈಲೂ ಆಗಲ್ಲ."

ಅದು ನಿಜ. ನೇಯುವವನು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಭಾನುವಾರವೂ ಅವನಿಗೆ ಸೋಮವಾರವೇ. ಬಿಡುವು ಅಂತ ಇರುವುದು ತಿಂಗಳಿಗೊಮ್ಮೆ, ಅಮಾವಾಸ್ಯೆ. ಅವತ್ತು ನಮ್ಮ ಬೀದಿಯಲ್ಲಿ ಯಾರೂ ಗುಂಡಿಗೆ ಕಾಲು ಇಳಿಸುವುದಿಲ್ಲ.

"ಹಂಗಾದ್ರೆ ಅಮಾವಾಸ್ಯೆಗೇ ಇಡ್ರಿ ಮಾವ" ಎಂದ ಕಾರ್ಯದರ್ಶಿ. ಅವನು ಆಟೋ ಓಡಿಸುವವನು, ಮೈಕು ಅವನದೇ. ಸಭೆಗೆ ಸಭೆಯೇ ತಲೆದೂಗಿತು. ರಕ್ತನಿಧಿಯವರಿಗೆ ಫೋನು ಮಾಡಿದೆವು. ಅವರಿಗೆ ಆ ದಿನ ಬೇರೆ ಕೆಲಸ ಇರಲಿಲ್ಲ, ಬರುತ್ತೇವೆ ಎಂದರು.

ನಾನು ಆಗಲೇ ಒಂದು ಯುದ್ಧಕ್ಕೆ ಸಿದ್ಧಳಾಗಿದ್ದೆ. ಅಮಾವಾಸ್ಯೆ ದಿನ ಮೈಯಿಂದ ರಕ್ತ ತೆಗೆಸಬಾರದು ಅಂತ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ ಎಂದುಕೊಂಡು, ಚಳ್ಳಕೆರೆಯ ಅಜ್ಜಿಯರಿಂದ ಕಲಿತ ಗಾದೆಗಳನ್ನೆಲ್ಲ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಒಬ್ಬರೂ ಕೇಳಲಿಲ್ಲ. ತೊಂದರೆ ಬಂದದ್ದು ನಾವು ಯಾರೂ ಕಾವಲು ಹಾಕದ ಬಾಗಿಲಿನಿಂದ.

ಪ್ರಕಟಣೆ ಹೀಗಿತ್ತು, ಈಗಲೂ ಬಾಯಿಗೆ ಬರುತ್ತದೆ. "ಬಂಧುಗಳೇ, ಬರುವ ಅಮಾವಾಸ್ಯೆಯಂದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ರಕ್ತದಾನ ಶಿಬಿರ. ಹದಿನೆಂಟು ತುಂಬಿದ, ಅರವತ್ತು ದಾಟದ, ನಲವತ್ತೈದು ಕೆಜಿಗೆ ಕಮ್ಮಿ ಇಲ್ಲದ ಆರೋಗ್ಯವಂತ ಗಂಡಸರು, ಹೆಂಗಸರು ಕೊಡಬಹುದು. ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. ಅದನ್ನು ಅಲ್ಲೇ ಪುಕ್ಕಟೆಯಾಗಿ ನೋಡುತ್ತಾರೆ. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು. ಬಸುರಿಯರು, ಎದೆಹಾಲು ಕುಡಿಸುವವರು, ಜ್ವರ ಇದ್ದವರು, ಹಿಂದಿನ ದಿನ ಕುಡಿದವರು, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರು ಈ ಸಲ ಬೇಡ. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಆಧಾರ್ ಕಾರ್ಡು ತನ್ನಿ. ಏನಾದರೂ ಕೇಳುವುದಿದ್ದರೆ ಈ ನಂಬರಿಗೆ ಫೋನ್ ಮಾಡಿ."

ನಂಬರು ನನ್ನದು. ಹೆಂಗಸರು ಕೇಳುವ ಕೆಲವು ಮಾತು ಗಂಡಸಿನ ಹತ್ತಿರ ಆಡುವಂಥದ್ದಲ್ಲ, ಅದಕ್ಕೇ ಇರಲಿ ಎಂದರು ಮಾವ. ಕಾರ್ಯದರ್ಶಿ ಅದನ್ನು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಕೂಗುತ್ತ ಆಟೋದಲ್ಲಿ ಬೀದಿ ಬೀದಿ ಸುತ್ತಿದ. ಅದೇ ಚೀಟಿಯ ಫೋಟೋ ಮೊಬೈಲುಗಳಲ್ಲಿ ಹಾರಿ ಹಾರಿ ಎಲ್ಲೆಲ್ಲಿಗೋ ಹೋಯಿತು.

ಆಮೇಲೆ ನನ್ನ ಒಲೆಯ ಮೇಲಿನ ಸಾರು ಎಷ್ಟು ಸಲ ಉಕ್ಕಿತೋ ದೇವರಿಗೇ ಗೊತ್ತು.

"ಅಮ್ಮಾ, ಹಿಂದಿನ ದಿನ ಕುಡಿದೋರು ಬ್ಯಾಡ ಅಂದ್ರಲ್ಲ. ಅದರ ಹಿಂದಿನ ದಿನ ಕುಡಿದ್ರೆ?"

"ಆವತ್ತು ಕುಡಿದದ್ದು ಮಾರನೇ ದಿನಕ್ಕೂ ಮುಂದುವರೀದಿದ್ರೆ ಬಾರಪ್ಪ."

"ಅದೇ ಗ್ಯಾರಂಟಿ ಇಲ್ಲಮ್ಮ" ಎಂದು ಪ್ರಾಮಾಣಿಕವಾಗಿ ಹೇಳಿ ಫೋನು ಇಟ್ಟ.

ಒಬ್ಬ ತಾಯಿ ಕೇಳಿದಳು, ರಕ್ತ ಕೊಟ್ಟರೆ ನನ್ನ ಮಗನ ತೋಳಿಗೆ ಶಕ್ತಿ ಹೋಗಿ ಸೀರೆಯ ನೇಯ್ಗೆ ಸಡಿಲ ಬಿದ್ದೀತಾ ಅಂತ. ಅವತ್ತೊಂದು ದಿನ ಭಾರ ಎತ್ತದೆ, ಚೆನ್ನಾಗಿ ನೀರು ಕುಡಿದರೆ ಸಾಕು, ಮಾರನೆಯ ದಿನ ಮಗ್ಗಕ್ಕೆ ಕೂರಬಹುದು ಎಂದೆ. ಒಬ್ಬಳು ಹೊಸ ಸೊಸೆ ಪಿಸುದನಿಯಲ್ಲಿ, "ಅಕ್ಕ, ನಾನು ಅವತ್ತು ಹೊರಗಾಗಿರ್ತೀನಿ" ಎಂದಳು. ಆ ದಿನಗಳಲ್ಲಿ ತೆಗೆದುಕೊಳ್ಳುವುದಿಲ್ಲ, ಮುಂದಿನ ಸಲ ಬಾ ಎಂದೆ. "ಬರಬೇಡ ಅಂದೋಳು ನಾನೇ ಅಂತ ನಮ್ಮತ್ತೆಗೆ ನೀನೇ ಹೇಳಕ್ಕ, ನಾನು ಹೆದರಿದೆ ಅಂದ್ಕೊಂತಾರೆ" ಎಂದಳು. ಇನ್ನೊಬ್ಬ, ಎಲ್ಲಿಂದಲೋ ಸುದ್ದಿ ಮುಟ್ಟಿ, "ಆ ಮಗೀದು ನಮ್ಮ ಗುಂಪಲ್ಲವಂತೆ, ನಾನ್ಯಾಕೆ ಬರ್ಲಿ?" ಎಂದು ಕೇಳಿದ. ಪಕ್ಕದವಳು ಎಷ್ಟು ಮುಚ್ಚಿಟ್ಟರೂ ಬೀದಿಗೆ ಗೊತ್ತಿಲ್ಲದ್ದು ಯಾವುದಿದೆ. ನಾನು ಹೇಳಿದೆ: "ಇದು ನಿನ್ನ ಮನೆ ಪಾತ್ರೆಯಿಂದ ಅವರ ಮನೆ ತಟ್ಟೆಗೆ ಬಡಿಸೋದಲ್ಲಪ್ಪ. ಎಲ್ಲಾರೂ ಒಂದೇ ಕಣಜಕ್ಕೆ ಹಾಕ್ತೀವಿ, ಹಸಿದೋನು ತನಗೆ ಒಗ್ಗೋದು ತಗೊಂತಾನೆ. ನಿನ್ನ ಗುಂಪಿನ ಬಾಣಂತಿ ಒಬ್ಬಳು ಎಲ್ಲೋ ಕಾಯ್ತಿರ್ತಾಳೆ." ಅವನು ಬರುತ್ತೇನೆ ಎಂದ.

ಚಳ್ಳಕೆರೆಯಿಂದಲೂ ಒಂದು ಕರೆ ಬಂತು. ಮಾರುಕಟ್ಟೆಯಲ್ಲಿ ಶೇಂಗಾ ಮೂಟೆ ಸಾಗಿಸುವ ಟೆಂಪೋ ಇಟ್ಟಿರುವ ಹಿರಿಯರು, ನಮ್ಮಪ್ಪನ ಸ್ನೇಹಿತರು, ನನ್ನನ್ನು ಮಗಳ ಹಾಗೆ ಕಂಡವರು. "ಬೇಟಿ, ನಿನ್ನ ನಂಬರ್ ನೋಡ್ದೆ. ಹಮಾಲರು ನಾಲ್ಕೈದು ಜನ ಅದಾರೆ, ಗಟ್ಟಿ ಆಳುಗಳು. ಕರ್ಕೊಂಡು ಬರ್ತೀನಿ. ನಾನೂ ಕೊಡ್ತೀನಿ."

"ನಿಮಗೆ ಅರವತ್ತು ದಾಟೈತಲ್ಲ ಚಾಚಾ."

"ಯಾರು ಹೇಳಿದ್ದು? ದಾಟಿಲ್ಲ, ಹತ್ರ ಐತೆ."

ಅರವತ್ತು ಯಾವಾಗಲೋ ದಾಟಿದ ನಮ್ಮಪ್ಪನಿಗಿಂತ ಅವರು ಎರಡು ವರ್ಷ ದೊಡ್ಡವರು. ಬನ್ನಿ ಎಂದೆ.

ಅಮಾವಾಸ್ಯೆಯ ಬೆಳಿಗ್ಗೆ ಹೇಳಿದ ಹೊತ್ತಿಗೆ ವ್ಯಾನು ಬಂತು. ನಾಲ್ಕು ಮಡಿಸುವ ಮಂಚ, ತೂಕದ ಯಂತ್ರ, ಐಸು ತುಂಬಿದ ಪೆಟ್ಟಿಗೆಗಳು. ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸು, ಮಾತು ಕಮ್ಮಿ, ಕಣ್ಣು ಚುರುಕು. ಚಾಚಾನ ಟೆಂಪೋ ಆಗಲೇ ಬಂದು ನಿಂತಿತ್ತು. ಹಮಾಲರು ದಾರಿಯಲ್ಲಿ ತಳಕಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದಿದ್ದರು. ತೂಕ, ಬೆರಳಿನ ರಕ್ತ, ಬಿಪಿ, ಎಲ್ಲ ನೋಡಿ ಅವರನ್ನು ಮಲಗಿಸಿದರು. ಚಾಚಾ ತಾವೂ ತೂಕದ ಯಂತ್ರದ ಮೇಲೆ ಹತ್ತಿ ನಿಂತರು. ಡಾಕ್ಟರು ಆಧಾರ್ ಕಾರ್ಡು ನೋಡಿ ನಕ್ಕರು. "ತೂಕ ಚೆನ್ನಾಗಿದೆ. ವಯಸ್ಸೂ ಚೆನ್ನಾಗಿಯೇ ಆಗಿದೆ. ಇಳೀರಿ ಅಜ್ಜಾ."

ಅಷ್ಟರಲ್ಲಿ ನಮ್ಮ ಬೀದಿಯವರು ಬರತೊಡಗಿದರು. ಬಂದ ಚೆಂದವೇ ಚೆಂದ. ತಲೆಗೆ ಸ್ನಾನ, ಹಣೆಗೆ ವಿಭೂತಿ, ಒಗೆದ ಪಂಚೆ, ಗರಿಗರಿ ಅಂಗಿ. ಹೆಂಗಸರು ತಮ್ಮ ಮನೆಯ ಮಗ್ಗದಲ್ಲೇ ನೇಯ್ದ ಸೀರೆ ಉಟ್ಟಿದ್ದರು, ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆಯುವಂಥದ್ದು. ಭವನ ತುಂಬಿಹೋಯಿತು. ಪಕ್ಕದ ಮನೆಯವಳು ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೋಗುವ ವಾರ ಹತ್ತಿರ ಬಂದಿತ್ತು, ಮಗು ನಡೆಯಲು ಒಲ್ಲೆ ಅಂದಿತ್ತು.

ಮೊದಲನೆಯವನು ಡಾಕ್ಟರ ಎದುರು ಕೂತ.

"ತಿಂಡಿ ಆಯ್ತಾ?"

"ಇಲ್ಲ ಮೇಡಂ."

"ಯಾಕೆ? ತಿಂದು ಬನ್ನಿ ಅಂತ ಹೇಳಿರಲಿಲ್ವಾ?"

"ಇವತ್ತು ಅಮಾವಾಸ್ಯೆ ಮೇಡಂ. ಒಪ್ಪೊತ್ತು."

ಎರಡನೆಯವನೂ ಅದೇ. ಮೂರನೆಯವಳೂ ಅದೇ. ಡಾಕ್ಟರು ಎದ್ದು ನಿಂತು ಜನರ ಕಡೆ ನೋಡಿ ಕೇಳಿದರು. "ಇಲ್ಲಿ ಬೆಳಿಗ್ಗೆಯಿಂದ ಊಟ ತಿಂಡಿ ಮಾಡಿರೋರು ಕೈ ಎತ್ತಿ."

ಹಮಾಲರು ಮಲಗಿದ್ದಲ್ಲಿಂದಲೇ ಇನ್ನೊಂದು ಕೈ ಎತ್ತಿದರು. ಒಳಗೆ ಕೂತಿದ್ದ ನಮ್ಮವರ ಕೈ ಒಂದೂ ಏಳಲಿಲ್ಲ.

ನಮ್ಮ ಬೀದಿಯಲ್ಲಿ ಅಮಾವಾಸ್ಯೆ ಅಂದರೆ ಬೆಳಿಗ್ಗೆ ತಲೆಸ್ನಾನ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗ್ಗಕ್ಕೆ ಪೂಜೆ, ಪೂಜೆಯ ಮೇಲೆಯೇ ಊಟ. ಅಲ್ಲಿಯತನಕ ನೀರು, ಹೆಚ್ಚೆಂದರೆ ಕರಿ ಕಾಫಿ. ತಲೆತಲಾಂತರದಿಂದ ಹಾಗೇ. ಪ್ರಕಟಣೆಯಲ್ಲಿ ಖಾಲಿ ಹೊಟ್ಟೆ ಬೇಡ ಎಂದು ಇತ್ತು. ಸಭೆಯವರೆಲ್ಲ ಓದಿದ್ದರು, ಕಾರ್ಯದರ್ಶಿ ಎರಡು ಭಾಷೆಯಲ್ಲಿ ಕೂಗಿದ್ದ, ಕೇಳಿದವರೂ ಕೇಳಿದ್ದರು. ಆದರೆ ಮಗ್ಗಕ್ಕೆ ಬಿಡುವು ಅಂತ ನೆನಪಿದ್ದ ನಮಗೆ ಒಲೆಗೂ ಅವತ್ತು ಬಿಡುವು ಅಂತ ಹೊಳೆದಿರಲಿಲ್ಲ. ಉಸಿರಾಟ ಯಾರಿಗೆ ನೆನಪಿರುತ್ತದೆ, ಹಾಗೆ. ನಾನು ಒಬ್ಬಿಬ್ಬರನ್ನು ಕೇಳಿಯೂ ಬಿಟ್ಟೆ.

"ಲೇ, ನೀನು ಮೈಕಲ್ಲಿ ಕೇಳ್ಲಿಲ್ವೇನೋ?"

"ಕೇಳ್ದೆ ಚಿಕ್ಕಮ್ಮ. ರಕ್ತ ಪರೀಕ್ಷೆಗೆ ಯಾವಾಗ್ಲೂ ಖಾಲಿ ಹೊಟ್ಟೇಲೇ ಬಾ ಅಂತಾರೆ. ಮೈಕಿನೋನು ತಪ್ಪು ಹೇಳ್ದ ಅಂದ್ಕೊಂಡೆ."

ಇನ್ನೊಬ್ಬ ವಯಸ್ಸಾದವನು ಹೇಳಿದ್ದು ಬೇರೆ. "ದಾನ ಮಾಡೋಕೆ ತಿಂದು ಬರ್ತಾರಾ ತಾಯಿ? ಮೈಲಿಗೆ ಆಗಲ್ವಾ?"

ನಮ್ಮವರು ಉಡಾಫೆಯಿಂದ ಹಸಿದು ಬಂದಿರಲಿಲ್ಲ, ಭಕ್ತಿಯಿಂದ ಹಸಿದು ಬಂದಿದ್ದರು.

ಡಾಕ್ಟರು ಸಿಟ್ಟಾಗಲಿಲ್ಲ, ಜಗ್ಗಲೂ ಇಲ್ಲ. "ಹಸಿದವರ ರಕ್ತ ತೆಗೆಯೋಕಾಗಲ್ಲ. ಕಣ್ಣು ಕತ್ತಲೆ ಬಂದು ಬಿದ್ದರೆ ಜವಾಬ್ದಾರಿ ನನ್ನದು. ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಬರಲಿ, ತಗೋತೀನಿ. ಆದರೆ ನಾನು ಸಂಜೆತನಕ ಇರೋಕಾಗಲ್ಲ. ಈಗ ತೆಗೆದದ್ದನ್ನ ಕೆಲವು ಗಂಟೆಯೊಳಗೆ ಸೆಂಟರಿಗೆ ಮುಟ್ಟಿಸಬೇಕು, ಇಲ್ಲ ಅಂದರೆ ಭಾಗ ಮಾಡೋಕೆ ಬರಲ್ಲ."

ಸಂಜೆ ಪೂಜೆಯಾಗದೆ ಇವರು ತಿನ್ನುವುದಿಲ್ಲ. ತಿನ್ನದೆ ಅವರು ತೆಗೆಯುವುದಿಲ್ಲ. ಸಂಜೆಯ ತನಕ ಅವರು ನಿಲ್ಲುವುದಿಲ್ಲ. ಬಾಗಿಲಲ್ಲಿದ್ದ ಪಕ್ಕದವಳು ಇದನ್ನೆಲ್ಲ ಕೇಳಿಸಿಕೊಂಡು ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಆಮೇಲೆ ಮಗಳನ್ನು ನನ್ನ ಕೈಗೆ ಕೊಟ್ಟು ಒಳಗೆ ಬಂದು ಡಾಕ್ಟರ ಮುಂದೆ ಕೂತಳು.

"ಮಗಳ ಜೊತೆ ನಾನೂ ತಿಂದೀನಿ ಮೇಡಂ. ನಂದು ತಗೊಳ್ಳಿ."

ಡಾಕ್ಟರು ಅವಳ ಬೆರಳಿಗೆ ಚುಚ್ಚಿ ನೋಡಿದರು. ಅವಳಿಗೂ ಉತ್ತರ ಗೊತ್ತಿತ್ತು. ಮಗಳ ರೋಗದಲ್ಲಿ ಅರ್ಧ ಬಂದಿರುವುದು ಇವಳಿಂದ, ಇನ್ನರ್ಧ ಗಂಡನಿಂದ. ಇವಳ ರಕ್ತ ಯಾವತ್ತೂ ಹನ್ನೆರಡೂವರೆ ಮುಟ್ಟಿದ್ದೇ ಇಲ್ಲ. ಡಾಕ್ಟರು ತಲೆಯಾಡಿಸಿ, ಹತ್ತಿ ಇಟ್ಟು ಬೆರಳು ಒತ್ತಿ ಹಿಡಿದುಕೊಂಡರು. "ನಿಮಗೇ ಬೇಕಾಗಿದೆಯಲ್ಲಮ್ಮ" ಎಂದರು ಮೆಲ್ಲಗೆ.

ನಾನು ಮಗುವನ್ನು ಎತ್ತಿಕೊಂಡೇ ಮನೆಗೆ ನಡೆದೆ. ಮಾವನನ್ನೂ ಕರೆದೆ. ನಮ್ಮ ಬೀದಿಯಲ್ಲಿ ಒಪ್ಪೊತ್ತಿನ ಹೈಕೋರ್ಟು ಅಂದರೆ ನಮ್ಮತ್ತೆ. ಎಂಬತ್ತರ ಹತ್ತಿರದ ಮುದುಕಿ. ಅಮಾವಾಸ್ಯೆ ದಿನ ಯಾರ ಮನೆಯಿಂದ ಒಗ್ಗರಣೆ ವಾಸನೆ ಬಂದರೂ ಜಗಲಿಯಲ್ಲಿ ಕೂತೇ ಹಿಡಿಯುತ್ತಾರೆ. ಅವರು ಒಪ್ಪದೆ ಈ ಬೀದಿಯಲ್ಲಿ ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ.

"ಏಮೇ, ಮಗು ಎತ್ಕೊಂಡು ಎಲ್ಲಿಗೆ ಓಡ್ತೀಯಾ?" ಎಂದರು.

ಇದ್ದದ್ದು ಇದ್ದ ಹಾಗೆ ಹೇಳಿದೆ. ನಡುವೆ ಮಾವ ಬಾಯಿ ಹಾಕಿದರು. "ಅತ್ತಾ, ಒಂದು ತಿಂಗಳು ಒಪ್ಪೊತ್ತು ಬಿಟ್ರೆ ಏನೂ ಆಗಲ್ಲ ಅಂತ ನೀನೇ ಹೇಳ್ಬಿಡು."

ಮುದುಕಿ ಅವರ ಕಡೆ ನೋಡಿದ ನೋಟಕ್ಕೆ ಮಾವನ ಲಾಳಿ ಎಸೆಯುವ ಕೈ ಕೂಡ ನಿಂತಿತು. "ಬಿಡೋಕೆ ಅದೇನು ನಿಂದು ಬೀಡಿ ಚಟಾನಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಒಪ್ಪೊತ್ತು ಯಾಕೆ ಮಾಡ್ತೀವಿ, ಹೇಳು."

"ಮಗ್ಗಕ್ಕೆ ಪೂಜೆ ಆಗೋ ತನಕ ಉಣ್ಣಬಾರ್ದು ಅಂತ."

"ಪೂಜೆ ಸಂಜೆಗೇ ಯಾಕೆ?"

ನನಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ.

"ನಮ್ಮ ಕಾಲದಲ್ಲಿ ಗಂಡಸ್ರು ಅಮಾವಾಸ್ಯೆ ದಿನ ಸೀರೆ ಮಾರೋಕೆ ಹೋಗ್ತಿದ್ರು. ಬರೋದೇ ಸಂಜೆಗೆ. ಯಜಮಾನ ಇಲ್ದೆ ಪೂಜೆ ಹೆಂಗೆ ಮಾಡೋದು ಅಂತ ಕಾಯ್ತಿದ್ವಿ. ಈಗ ಎಲ್ಲಿಗೆ ಹೋಗ್ತಾರೆ? ಎಲ್ಲಾ ನಿಮ್ಮ ಭವನದಲ್ಲೇ ಅದಾರಲ್ಲ. ಅಮಾವಾಸ್ಯೆ ಏನು ಸಂಜೆ ಬಸ್ಸಿಗೆ ಬರ್ತೈತಾ? ಈಗ್ಲೇ ಪೂಜೆ ಮಾಡಿ, ಉಣ್ಣಿ. ಒಪ್ಪೊತ್ತೂ ಮುಗೀತು, ಮಾತೂ ಮುಗೀತು." ಕೋಲು ಊರಿ ಎದ್ದರು. "ನಡಿ, ನಾನೇ ಬಂದು ಹೇಳ್ತೀನಿ. ನಿನ್ನ ಬಾಯಿಗೆ ಇವರು ಹೆದರಲ್ಲ."

ಭವನದ ಬಾಗಿಲಲ್ಲಿ ನಿಂತು ಅವರು ತೆಲುಗಿನಲ್ಲಿ ಹೇಳಿದ್ದು ನಾಲ್ಕು ಮಾತು. ಕೂತಿದ್ದವರೆಲ್ಲ ಒಂದೇ ಸಲ ಎದ್ದರು. ಡಾಕ್ಟರಿಗೆ ಗಾಬರಿ. "ಎಲ್ಲ ಹೊರಟುಹೋದರಾ?" ಎಂದರು. "ಬರ್ತಾರೆ ಮೇಡಂ, ಹೊಟ್ಟೆ ತುಂಬಿಸ್ಕೊಂಡು ಬರ್ತಾರೆ" ಎಂದೆ.

ಹಾಡುಹಗಲಿನಲ್ಲಿ ಇಡೀ ಬೀದಿಯ ಮಗ್ಗಗಳಿಗೆ ಒಟ್ಟಿಗೆ ಪೂಜೆಯಾದದ್ದನ್ನು ನಾನು ಅವತ್ತೇ ನೋಡಿದ್ದು. ಒಂದು ಮನೆಯ ಗಂಟೆ ನಿಲ್ಲುವುದರೊಳಗೆ ಇನ್ನೊಂದು ಮನೆಯದು. ಕಾಯಿ ಒಡೆಯುವ ಸದ್ದು, ಊದುಬತ್ತಿಯ ಹೊಗೆ, ಹೂವು ಸಾಲದೆ ಒಂದೇ ಮೊಳ ಮೂರು ಮನೆಗೆ ಹರಿದು ಹಂಚಿದ್ದು. ಅಡುಗೆಗೆ ಹೊತ್ತೆಲ್ಲಿದೆ? ಮಾವ ಸಂಘದ ದೊಡ್ಡ ಬಾಣಲೆ ಹೊರಗೆ ತೆಗೆಸಿದರು. ನಾವು ನಾಲ್ಕು ಹೆಂಗಸರು ಸೇರಿ ಈರುಳ್ಳಿ ಹಾಕದ ಉಪ್ಪಿಟ್ಟು ಕೆದಕಿದೆವು. ಚಾಚಾ ಟೆಂಪೋದಲ್ಲಿ ಹೋಗಿ ಬಾಳೆಹಣ್ಣಿನ ಗೊನೆ ತಂದರು. ನಮ್ಮತ್ತೆ ಬಾಣಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಒಬ್ಬೊಬ್ಬರ ಹಣೆ ನೋಡಿ, ಪೂಜೆಯ ಕುಂಕುಮ ಇದ್ದವರಿಗಷ್ಟೇ ಎಲೆ ಕೊಡಿ ಎಂದರು. ಡಾಕ್ಟರು ಆಮೇಲೆ ಅವರ ಬಾಯಿ ನೋಡಿ ಒಳಗೆ ಬಿಟ್ಟರು. "ತಿಂದಿರಾ?" ಅಂತ ಕೇಳಿದರೆ ಉಪ್ಪಿಟ್ಟಿನ ರವೆ ಇನ್ನೂ ಮೀಸೆಯಲ್ಲಿರುತ್ತಿತ್ತು.

ನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಶುರುವಾಯಿತು. ನಾಲ್ಕು ಮಂಚವೂ ಬಿಡುವಿಲ್ಲದೆ ತುಂಬಿದವು. ಕೈಯಲ್ಲಿ ಮೆತ್ತನೆಯ ಚೆಂಡು ಕೊಟ್ಟು ಹಿಸುಕಿ ಎಂದರೆ ನಮ್ಮವರು ಮಗ್ಗದ ಲಯದಲ್ಲಿ ಹಿಸುಕುತ್ತಿದ್ದರು. ಚಾಚಾ ಕುರ್ಚಿಯಲ್ಲಿ ಕೂತು ಯಾರ ಚೀಲ ಬೇಗ ತುಂಬಿತು ಅಂತ ಬೆಳಿಗ್ಗೆಯೇ ಕೊಟ್ಟು ಮುಗಿಸಿದ್ದ ಹಮಾಲರಿಗೂ ಈಗ ಮಲಗಿದ್ದ ನೇಕಾರರಿಗೂ ಪಂದ್ಯ ಕಟ್ಟುತ್ತಿದ್ದರು.

"ನೋಡಿ ಮೇಡಂ, ನಮ್ಮ ಚಳ್ಳಕೆರೆ ರಕ್ತ ಶೇಂಗಾ ಎಣ್ಣೆ ಥರ ಇಳೀತು."

"ನಮ್ಮದು ರೇಷ್ಮೆ ಎಳೆ, ನಿಧಾನಕ್ಕೆ ಬರ್ತೈತೆ. ಕಡಿಯಲ್ಲ" ಎಂದರು ಮಾವ.

ಎಲ್ಲರದೂ ಆಗಲಿಲ್ಲ. ಕೆಲವರ ಬಿಪಿ ಜಾಸ್ತಿ ಇತ್ತು, ಹೆಂಗಸರಲ್ಲಿ ಸುಮಾರು ಜನರಿಗೆ ರಕ್ತ ಕಮ್ಮಿ ಇತ್ತು. ಅವರಿಗೆ ಡಾಕ್ಟರು ಸೊಪ್ಪು ಕಾಳು ತಿನ್ನಿ, ಆಸ್ಪತ್ರೆಗೆ ಹೋಗಿ ಮಾತ್ರೆ ತಗೊಳ್ಳಿ ಎಂದು ಕೂರಿಸಿ ಹೇಳಿದರು. ಎರಡು ಗಂಟೆ ದಾಟಿದರೂ ಅವರು ಬಾಗಿಲು ಹಾಕಲಿಲ್ಲ. ಕೊನೆಗೆ ಗಡಿಯಾರ ನೋಡಿ, ಇನ್ನು ಹೊರಡದಿದ್ದರೆ ಬೆಳಗಿನ ಚೀಲಗಳನ್ನು ಭಾಗ ಮಾಡಲಾಗುವುದಿಲ್ಲ ಎಂದಾಗ ಸಾಲಿನಲ್ಲಿ ಇನ್ನೂ ಜನ ಇದ್ದರು. ಅವರು ನನ್ನ ಮೇಲೆ ಹರಿಹಾಯ್ದರು.

"ಉಪ್ಪಿಟ್ಟು ತಿನ್ನಿಸಿ ವಾಪಸ್ ಕಳಿಸ್ತೀಯಲ್ಲಕ್ಕ, ಇದ್ಯಾವ ನ್ಯಾಯ?"

"ತಿಂದಿದ್ದು ಕರಗಲ್ಲ, ಮುಂದಿನ ಸಲಕ್ಕೆ ಇಟ್ಕೊಳ್ಳಿ" ಎಂದೆ.

ವ್ಯಾನಿಗೆ ಪೆಟ್ಟಿಗೆ ಏರಿಸುವಾಗ ಪಕ್ಕದವಳು ಮುಂದೆ ಹೋಗಿ ತಾನೂ ಒಂದು ಪೆಟ್ಟಿಗೆಯ ಹಿಡಿಕೆ ಹಿಡಿದಳು. ಡಾಕ್ಟರು ಮಗುವಿನ ಕಣ್ಣಿನ ರೆಪ್ಪೆ ಇಳಿಸಿ ನೋಡಿ, "ಯಾವಾಗ ಬರ್ತಿದ್ದೀರಿ?" ಎಂದು ಕೇಳಿದರು. ಬರುವ ವಾರ ಎಂದಳು. "ಬನ್ನಿ. ಇದೆಲ್ಲ ಅಷ್ಟರೊಳಗೆ ಪರೀಕ್ಷೆ ಆಗಿ ಕೂತಿರುತ್ತೆ" ಎಂದರು. ಇಂಥವರದೇ ಕೊಡುತ್ತೇವೆ ಅಂತ ಅವರು ಹೇಳಲಿಲ್ಲ, ಇವಳು ಕೇಳಲೂ ಇಲ್ಲ.

ಆ ವಾರ ಅವಳ ಜೊತೆ ನಾನೂ ಹೋದೆ. ಚಳ್ಳಕೆರೆಯ ತನಕ ಮಗು ನನ್ನ ತೊಡೆಯ ಮೇಲೆ ಮಲಗಿಯೇ ಬಂತು. ದುರ್ಗದಲ್ಲಿ ನಾವು ಕಾಯಬೇಕಾಗಲಿಲ್ಲ. ಮಗುವಿನ ಕೈಯಿಂದ ಒಂದಿಷ್ಟು ರಕ್ತ ತೆಗೆದು, ಹಾಕುವುದರ ಜೊತೆ ಹೊಂದುತ್ತದೋ ಇಲ್ಲವೋ ಎಂದು ನೋಡಿ, ಆಮೇಲೆ ನರ್ಸು ಚೀಲ ತಂದು ಕಂಬಕ್ಕೆ ತೂಗುಹಾಕಿದಳು. ಚೀಲದ ಮೇಲೆ ಗುಂಪು ಇತ್ತು, ಒಂದು ನಂಬರು ಇತ್ತು, ತಾರೀಖುಗಳಿದ್ದವು. ಹೆಸರು ಇರಲಿಲ್ಲ. ಪಕ್ಕದವಳು ಅದನ್ನು ತಿರುಗಿಸಿ ನೋಡಿದಳು.

"ನಮ್ಮೂರಿಂದು ಇರಬಹುದಾ ಅಕ್ಕ?"

"ಇರಬಹುದು. ಹಮಾಲಂದೂ ಇರಬಹುದು. ಯಾವನೋ ದಾವಣಗೆರೆ ಹುಡುಗಂದೂ ಇರಬಹುದು."

"ಯಾರ್ದಾದ್ರೂ ಸರಿ, ತಣ್ಣಗಿರ್ಲಿ" ಎಂದಳು. ಮಂಚದ ಪಕ್ಕ ಕೂತು, ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತ ನಿದ್ದೆ ಹೋದಳು. ಕೂತಲ್ಲೇ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ನಾನು ಎಬ್ಬಿಸಲಿಲ್ಲ. ನರ್ಸು ಆಗಾಗ ಬಂದು ಜ್ವರ ನೋಡಿ ಹೋಗುತ್ತಿದ್ದಳು.

ವಾಪಸು ಬರುವಾಗ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಇಳಿದು ಮೊಳಕಾಲ್ಮೂರಿನ ಬಸ್ಸಿಗೆ ನಿಂತೆವು. ಸಂಜೆಯ ಬಸ್ಸು, ಕಿಕ್ಕಿರಿದ ಜನ. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ನನ್ನ ಕೈಯಲ್ಲಿದ್ದ ಪುಟ್ಟ ಕೈ ಬಿಡಿಸಿಕೊಂಡಿತು. ಮಗು ದೊಡ್ಡವರ ಕಾಲುಗಳ ನಡುವೆ ನುಸುಳಿ, ಮೆಟ್ಟಿಲು ಹತ್ತಿ, ಒಳಗೆ ಮಾಯವಾಯಿತು. ತಾಯಿ ಬೈಯುತ್ತ ಹಿಂದೆ ಹೋಗಿ ಬಾಗಿಲಲ್ಲಿದ್ದ ಜನರ ನಡುವೆ ಸಿಕ್ಕಿಕೊಂಡಳು. ನಾನು ಚೀಲಗಳನ್ನು ಹೊತ್ತು ಏದುಸಿರು ಬಿಡುತ್ತ ಹತ್ತುವ ಹೊತ್ತಿಗೆ ಹುಡುಗಿ ಕಿಟಕಿಯ ಪಕ್ಕ ಕೂತು, ಪಕ್ಕದ ಎರಡು ಸೀಟಿನ ಮೇಲೆ ಎರಡೂ ಕಾಲು ಚಾಚಿಕೊಂಡು, ತನಗಿಂತ ಎರಡರಷ್ಟು ದೊಡ್ಡ ಹೆಂಗಸಿನ ಹತ್ತಿರ ಜಗಳ ಆಡುತ್ತಿದ್ದಳು.

"ಇಲ್ಲ, ಜನ ಐತೆ ಅಂತ ಹೇಳಿದ್ನಲ್ಲ. ನಮ್ಮವ್ವ ಐತೆ, ದೊಡ್ಡಮ್ಮ ಐತೆ. ನೀವು ಹಿಂದಕ್ಕೆ ಹೋಗ್ರಿ."